ನಡುವಿನ ಆಯ್ಕೆಯಲ್ಲಿ ಸೇರಿಕೊಂಡವರು ಯಾರು?

ಜನರ ಅಭಿಪ್ರಾಯವನ್ನು ಅಳೆಯುವ ಸಮೀಕ್ಷೆಯ ಫಲಿತಾಂಶ ಪತ್ರಿಕೆಯಲ್ಲಿ ಅಚ್ಚಾಗುವಾಗ ಓದುಗರ ಕಣ್ಣು ಸಹಜವಾಗಿ ಶೇಕಡಾವಾರು ಅಂಕಿಯ ಮೇಲೆ ಬೀಳುತ್ತದೆಯೇ ಹೊರತು, ಆ ಅಂಕಿಯನ್ನು ಹುಟ್ಟಿಸಿದ ಪ್ರಶ್ನಾವಳಿಯಲ್ಲಿ ಉತ್ತರಿಸುವವರ ಮುಂದೆ ಎಷ್ಟು ಆಯ್ಕೆಗಳನ್ನು ಇಡಲಾಗಿತ್ತು ಎಂಬುದರ ಮೇಲೆ ಬೀಳುವುದಿಲ್ಲ. ‘ಒಪ್ಪುತ್ತೀರಾ, ಒಪ್ಪುವುದಿಲ್ಲವೇ’ ಎಂದು ಎರಡೇ ದಾರಿಗಳನ್ನು ತೋರಿಸುವುದು, ಇವೆರಡರ ನಡುವೆ ತಟಸ್ಥ ನಿಲುವೊಂದನ್ನು ಓದಿ ಹೇಳುವುದು, ‘ಈ ಬಗ್ಗೆ ಗೊತ್ತಿಲ್ಲ’ ಎನ್ನಲು ಮೊದಲೇ ಅವಕಾಶ ಕೊಡುವುದು, ಈ ಮೂರೂ ಹೊರನೋಟಕ್ಕೆ ಅಚ್ಚುಮೊಳೆಯ ಸಣ್ಣ ವ್ಯತ್ಯಾಸಗಳಂತೆ ಕಂಡರೂ ಒಂದೇ ಊರಿನ ಒಂದೇ ಜನರಿಂದ ಬೇರೆ ಬೇರೆ ಫಲಿತಾಂಶಗಳನ್ನು ಹೊರಡಿಸಬಲ್ಲವು. ಒಂದು ವಿಷಯದ ಬಗ್ಗೆ ವ್ಯಕ್ತಿಯ ಒಲವು, ವಿರೋಧ ಅಥವಾ ಮೆಚ್ಚುಗೆಯನ್ನು ಕೇಳುವ ಇಂಥ ಪ್ರಶ್ನೆಯನ್ನು ಸಮೀಕ್ಷಾಶಾಸ್ತ್ರದಲ್ಲಿ ಮನೋಭಾವ ಪ್ರಶ್ನೆ ಎನ್ನುತ್ತಾರೆ. ವಯಸ್ಸು, ಜಮೀನು, ದನಕರುಗಳ ಸಂಖ್ಯೆಯನ್ನು ಕೇಳುವ ಪ್ರಶ್ನೆಗೆ ಹೊರಗೆ ಒಂದು ಸತ್ಯ ಇರುತ್ತದೆ ಮತ್ತು ತಪ್ಪಿದರೆ ಪಹಣಿಯನ್ನೋ ಪಡಿತರ ಚೀಟಿಯನ್ನೋ ನೋಡಿ ತಿದ್ದಿಕೊಳ್ಳಬಹುದು. ಮನೋಭಾವಕ್ಕೆ ಅಂಥ ಹೊರಗಿನ ದಾಖಲೆ ಇಲ್ಲದಿರುವುದರಿಂದಲೇ ಅದನ್ನು ಕೇಳುವ ಬಗೆ ಇಷ್ಟು ನಿರ್ಣಾಯಕವಾಗುತ್ತದೆ.

ಈ ಮಾತನ್ನು ಪರೀಕ್ಷಿಸಿ ನೋಡಲು ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕದಂಥ ಊರು ತಕ್ಕ ಸ್ಥಳ. ಕೃಷ್ಣಾ ತೀರದ ಈ ಕಬ್ಬಿನ ಸೀಮೆಯಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಮನೆಮಾತುಗಳಾಗಿವೆ, ದವಾಖಾನೆಗೂ ಸಂತೆಗೂ ಗಡಿಯಾಚೆಯ ಮಿರಜ, ಸಾಂಗಲಿ ಹತ್ತಿರವಾಗಿವೆ, ಆದರೆ ಜಿಲ್ಲಾಧಿಕಾರಿಯ ಕಚೇರಿ ಮಾತ್ರ ದೂರದ ಬೆಳಗಾವಿಯಲ್ಲಿದೆ. 18 ವಿಧಾನಸಭಾ ಕ್ಷೇತ್ರಗಳನ್ನು ಒಳಗೊಂಡ ಬೆಳಗಾವಿ ಜಿಲ್ಲೆಯನ್ನು ಒಡೆದು ಚಿಕ್ಕೋಡಿಯನ್ನು ಪ್ರತ್ಯೇಕ ಜಿಲ್ಲೆಯನ್ನಾಗಿ ಮಾಡಬೇಕೆಂಬ ಬೇಡಿಕೆ ದಶಕಗಳಿಂದ ಕೇಳಿಬರುತ್ತಿದೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ ಮತ್ತು ಚಾಮರಾಜನಗರ ಎಂಬ ಏಳು ಹೊಸ ಜಿಲ್ಲೆಗಳನ್ನು ರಚಿಸಿದಾಗಲೂ ಬೆಳಗಾವಿ ಒಡೆಯದೆ ಉಳಿಯಿತು. ಚಿಕ್ಕೋಡಿ ಇಂದು ಲೋಕಸಭಾ ಕ್ಷೇತ್ರವೂ ಹೌದು, ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೂ ಹೌದು, ಆದರೆ ಕಂದಾಯ ಜಿಲ್ಲೆ ಮಾತ್ರ ಆಗಿಲ್ಲ. ‘ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾಗಬೇಕು’ ಎಂಬ ಒಂದು ವಾಕ್ಯವನ್ನು ಓದಿ, ಒಪ್ಪಿಗೆಯನ್ನು ಕೇಳುವ ಸಮೀಕ್ಷೆಯೊಂದು ಉಗಾರ ಬುದ್ರುಕದ ಮನೆಮನೆಗೆ ಹೋಗುತ್ತದೆ ಎಂದು ಭಾವಿಸಿಕೊಂಡರೆ, ಆ ವಾಕ್ಯದ ಮುಂದೆ ತಟಸ್ಥ ಆಯ್ಕೆಯನ್ನು ಇಡಬೇಕೇ, ‘ಗೊತ್ತಿಲ್ಲ’ ಎಂಬುದನ್ನು ಇಡಬೇಕೇ, ಎರಡನ್ನೂ ಬಿಡಬೇಕೇ ಎಂಬ ಪ್ರಶ್ನೆ ಕೂಡಲೇ ಎದುರಾಗುತ್ತದೆ.

ಉತ್ತರ ಹುಡುಕುವ ಮೊದಲು ಒಪ್ಪಿಗೆಗೂ ವಿರೋಧಕ್ಕೂ ಸೇರದ ಜನ ಯಾರು ಎಂಬುದನ್ನು ಬಿಡಿಸಿ ನೋಡಬೇಕು. ಹೊಸ ಜಿಲ್ಲೆಯಿಂದ ಕಚೇರಿ ಹತ್ತಿರವಾಗುತ್ತದೆ ಆದರೆ ದೊಡ್ಡ ಜಿಲ್ಲೆಯ ರಾಜಕೀಯ ತೂಕ ಕಡಿಮೆಯಾಗುತ್ತದೆ ಎಂದು ಲಾಭ ನಷ್ಟಗಳನ್ನು ತೂಗಿ, ಎರಡೂ ಸರಿಸಮವೆಂದು ನಿಜವಾಗಿಯೂ ನಡುವೆ ನಿಂತವರು ಕೆಲವರಿರುತ್ತಾರೆ. ಎರಡನೆಯ ಗುಂಪು ಷರತ್ತಿನ ಗುಂಪು: ಜಿಲ್ಲೆ ಒಡೆಯಲಿ, ಆದರೆ ಕೇಂದ್ರ ಅಥಣಿಯಾಗಲಿ ಎನ್ನುವವರು ಕಾಗವಾಡದ ಕಡೆ ಅಪರೂಪವಲ್ಲ. ಹಾಗೆಯೇ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಗಡಿ ದಾವೆ ಇತ್ಯರ್ಥವಾಗುವವರೆಗೆ ಬೆಳಗಾವಿಯನ್ನು ಮುಟ್ಟಬಾರದು, ಆಮೇಲೆ ನೋಡೋಣ ಎನ್ನುವವರೂ ಇದ್ದಾರೆ. ಇವರಿಗೆ ಅಭಿಪ್ರಾಯ ಇದೆ, ಬಲವಾಗಿಯೇ ಇದೆ, ಕೇಳಿದ ವಾಕ್ಯದ ಅಳತೆಗೆ ಮಾತ್ರ ಅದು ಹೊಂದುವುದಿಲ್ಲ. ಮೂರನೆಯವರು ಈ ಬಗ್ಗೆ ಯಾವತ್ತೂ ಯೋಚಿಸದವರು, ಅಥವಾ ಕೇಳಿದ್ದನ್ನೇ ಪೂರ್ತಿ ಗ್ರಹಿಸದವರು. ನಾಲ್ಕನೆಯವರು ಗೊತ್ತಿದ್ದೂ ಹೇಳಲೊಲ್ಲದವರು. ಭಾಷೆ, ಗಡಿ, ಜಾತಿ, ಸಕ್ಕರೆ ಕಾರ್ಖಾನೆಯ ಚುನಾವಣೆ ಇವೆಲ್ಲ ಹೆಣೆದುಕೊಂಡ ಊರಿನಲ್ಲಿ ಅಪರಿಚಿತನೊಬ್ಬನ ಕಾಗದದ ಮೇಲೆ ತಮ್ಮ ನಿಲುವು ಬೀಳುವುದು ಇವರಿಗೆ ಬೇಕಿಲ್ಲ. ಈ ನಾಲ್ಕು ಬಗೆಯವರ ಬಾಯಿಂದ ಬರುವ ಮಾತು ಮಾತ್ರ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ‘ನಮಗೇನ ತಿಳೀತೈತ್ರಿ’, ‘ಹ್ಯಾಂಗ ಆದ್ರೂ ನಡೀತೈತಿ’, ‘ದೊಡ್ಡಾವ್ರು ಮಾಡಿದ್ದು ಖರೆ’. ಸಮೀಕ್ಷಕನು ಈ ಮಾತನ್ನು ತಟಸ್ಥ ಎಂದು ಗುರುತಿಸುತ್ತಾನೋ, ಗೊತ್ತಿಲ್ಲ ಎಂದು ಗುರುತಿಸುತ್ತಾನೋ ಎಂಬುದು ಪ್ರಶ್ನಾವಳಿ ಅವನಿಗೆ ಯಾವ ಆಯ್ಕೆಯನ್ನು ಕೊಟ್ಟಿದೆ ಎಂಬುದನ್ನೇ ಅವಲಂಬಿಸಿರುತ್ತದೆ.

ಈ ಗೊಂದಲ ಅಳತೆಗೋಲಿನ ಹುಟ್ಟಿನಲ್ಲೇ ಇತ್ತೆಂಬುದು ಗಮನಾರ್ಹ. ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲಿಕರ್ಟ್ 1932ರಲ್ಲಿ ಪ್ರಕಟಿಸಿದ ಐದು ಹಂತಗಳ ಮಾಪಕದಲ್ಲಿ ಎರಡು ಹಂತ ಒಪ್ಪಿಗೆಗೆ, ಎರಡು ಹಂತ ವಿರೋಧಕ್ಕೆ ಮೀಸಲಾಗಿದ್ದು, ನಡುವಿನ ಹಂತಕ್ಕೆ ‘ಇನ್ನೂ ನಿರ್ಧರಿಸಿಲ್ಲ’ ಎಂಬ ಅರ್ಥದ ಹೆಸರಿತ್ತು ಮತ್ತು ಅದಕ್ಕೆ 3 ಎಂಬ ಅಂಕವನ್ನು ಕೊಡಲಾಗುತ್ತಿತ್ತು. ನಿರ್ಧರಿಸದೆ ಇರುವುದು ಮನಸ್ಸಿನ ಒಂದು ಸ್ಥಿತಿ, ನಡುವೆ ನಿಲ್ಲುವುದು ಒಂದು ನಿಲುವು. ಇವೆರಡನ್ನೂ 3 ಎಂದು ಬರೆದು ಸರಾಸರಿ ತೆಗೆದಾಗ, ವಿಷಯವೇ ಗೊತ್ತಿಲ್ಲದ ನೂರು ಜನರು ಸೇರಿ ಊರಿನ ಸರಾಸರಿಯನ್ನು ನಡುವಿಗೆ ಎಳೆಯುತ್ತಾರೆ, ಊರು ಮಧ್ಯಮಮಾರ್ಗಿಯಾಗಿ ಕಾಣುತ್ತದೆ. ನಂತರದ ದಶಕಗಳಲ್ಲಿ ನಡುವಿನ ಹೆಸರು ‘ಒಪ್ಪುವುದೂ ಇಲ್ಲ, ವಿರೋಧಿಸುವುದೂ ಇಲ್ಲ’ ಎಂದು ಬದಲಾಯಿತಾದರೂ, ಅದರಲ್ಲಿ ಬಂದು ಸೇರುವ ಜನರು ಬದಲಾಗಲಿಲ್ಲ.

ಆಯ್ಕೆಗಳ ಪ್ರಭಾವವನ್ನು ಪ್ರಯೋಗದ ಮೂಲಕ ಕ್ರಮವಾಗಿ ಅಳೆದವರು ಹಾವರ್ಡ್ ಶೂಮನ್ ಮತ್ತು ಸ್ಟ್ಯಾನ್ಲಿ ಪ್ರೆಸರ್. 1981ರಲ್ಲಿ ಪ್ರಕಟವಾದ ಅವರ ಗ್ರಂಥಕ್ಕೆ ಆಧಾರವಾದ ವಿಧಾನ ಸರಳವಾದದ್ದು: ಒಂದೇ ಪ್ರಶ್ನೆಯ ಎರಡು ನಮೂನೆಗಳನ್ನು ಸಿದ್ಧಪಡಿಸಿ, ಆಯ್ದ ಜನರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಅರ್ಧಗಳಾಗಿ ಹಂಚಿ, ಒಂದರ್ಧಕ್ಕೆ ಒಂದು ನಮೂನೆಯನ್ನೂ ಇನ್ನೊಂದರ್ಧಕ್ಕೆ ಮತ್ತೊಂದನ್ನೂ ಕೇಳುವುದು. ಎರಡೂ ಅರ್ಧಗಳು ಒಂದೇ ಬಗೆಯ ಜನರಿಂದ ಕೂಡಿರುವುದರಿಂದ ಫಲಿತಾಂಶದಲ್ಲಿ ಕಾಣುವ ದೊಡ್ಡ ವ್ಯತ್ಯಾಸಕ್ಕೆ ಪ್ರಶ್ನೆಯ ರೂಪವೇ ಹೊಣೆಯಾಗುತ್ತದೆ. ವಿಚ್ಛೇದನ ಈಗಿರುವುದಕ್ಕಿಂತ ಸುಲಭವಾಗಬೇಕೋ ಕಠಿಣವಾಗಬೇಕೋ ಎಂದು ಅಮೆರಿಕನ್ನರನ್ನು ಕೇಳಿದಾಗ, ಈಗಿರುವಂತೆಯೇ ಇರಲಿ ಎಂದು ತಾವಾಗಿಯೇ ಹೇಳಿದವರು ನೂರಕ್ಕೆ 22ರಷ್ಟಿದ್ದರು. ಅದೇ ಮಾತನ್ನು ಮೂರನೆಯ ಆಯ್ಕೆಯಾಗಿ ಓದಿ ಹೇಳಿದಾಗ ಅವರ ಪಾಲು 40ಕ್ಕೆ ಏರಿತು. ‘ಸುಲಭವಾಗಬೇಕು’ ಎಂದವರು 29ರಿಂದ 23ಕ್ಕೂ, ‘ಕಠಿಣವಾಗಬೇಕು’ ಎಂದವರು 45ರಷ್ಟಿದ್ದದ್ದು 33ಕ್ಕೂ ಇಳಿದರು. ನಡುವಿನ ಆಯ್ಕೆ ಎರಡೂ ಬದಿಗಳಿಂದ ಜನರನ್ನು ಸೆಳೆದುಕೊಂಡಿತೇ ವಿನಾ, ಯಾವ ಬದಿ ದೊಡ್ಡದು ಎಂಬುದನ್ನು ಬದಲಿಸಲಿಲ್ಲ. ಅವರ ಹಲವು ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಂಡ ಚಿತ್ರವೂ ಇದೇ.

‘ಗೊತ್ತಿಲ್ಲ’ ಎಂಬುದರ ವಿಷಯ ಇಷ್ಟು ಸರಳವಲ್ಲ. 1974ರಲ್ಲಿ ರಷ್ಯಾದ ನಾಯಕರು ನಿಜವಾಗಿಯೂ ಅಮೆರಿಕದೊಡನೆ ಹೊಂದಿಕೊಂಡು ಹೋಗಲು ಯತ್ನಿಸುತ್ತಿದ್ದಾರೆ ಎಂಬ ವಾಕ್ಯವನ್ನು ನೇರವಾಗಿ ಕೇಳಿದಾಗ ನೂರಕ್ಕೆ 50 ಜನ ಒಪ್ಪಿದರು, 35 ಜನ ಒಪ್ಪಲಿಲ್ಲ, 15 ಜನ ತಾವಾಗಿ ಗೊತ್ತಿಲ್ಲವೆಂದರು. ಇನ್ನೊಂದರ್ಧಕ್ಕೆ ಅದೇ ವಾಕ್ಯದ ಜೊತೆಯಲ್ಲಿ ‘ಈ ಬಗ್ಗೆ ನಿಮಗೆ ಅಭಿಪ್ರಾಯವಿದೆಯೇ, ಇಲ್ಲವೇ’ ಎಂದು ಕೇಳಲಾಯಿತು. ಅಭಿಪ್ರಾಯವಿಲ್ಲದವರನ್ನು ಮುಂದಾಗಿಯೇ ಬೇರ್ಪಡಿಸುವ ಇಂಥದನ್ನು ಸೋಸು ಪ್ರಶ್ನೆ ಎನ್ನಬಹುದು. ಸೋಸಿದಾಗ ಅಭಿಪ್ರಾಯವಿಲ್ಲದವರು 38ಕ್ಕೆ ಏರಿ, ಒಪ್ಪಿದವರು 39ಕ್ಕೂ ಒಪ್ಪದವರು 23ಕ್ಕೂ ಇಳಿದರು. ಸೋಸು ಪ್ರಶ್ನೆಯಿಂದ ಹೊರಗುಳಿದ ಈ ಹೆಚ್ಚುವರಿ ಜನರು ಮೊದಲ ನಮೂನೆಯಲ್ಲಿ ಯಾವುದೋ ಒಂದು ಬದಿಗೆ ಬಿದ್ದಿದ್ದವರೇ ಆಗಿದ್ದಾರೆ. ಅಂದರೆ ಆ ನಮೂನೆಯಲ್ಲಿ ಅಭಿಪ್ರಾಯವೆಂದು ಎಣಿಸಲ್ಪಟ್ಟ ಉತ್ತರಗಳಲ್ಲಿ ದೊಡ್ಡ ಪಾಲು ಕೇಳಿದ ಕ್ಷಣದಲ್ಲಿ ಹುಟ್ಟಿದ್ದಾಗಿರಬಹುದು.

ಈಗ ಉಗಾರ ಬುದ್ರುಕಕ್ಕೆ ಮರಳಿ ಒಂದು ಲೆಕ್ಕವನ್ನು ಬಿಡಿಸಬಹುದು. ಮುಂದಿನ ಅಂಕಿಗಳು ಯಾವ ಸಮೀಕ್ಷೆಯಿಂದಲೂ ಬಂದವಲ್ಲ, ಲೆಕ್ಕದ ನಡೆ ತಿಳಿಯಲೆಂದೇ ಕಲ್ಪಿಸಿಕೊಂಡವು. 400 ಜನರನ್ನು ಕೇಳಲಾಯಿತೆಂದೂ, ಅವರ ಮನಸ್ಸಿನೊಳಗೆ ಇಣುಕಿ ನೋಡುವ ಶಕ್ತಿ ಇದೆಯೆಂದೂ ಭಾವಿಸೋಣ. ಅವರಲ್ಲಿ 160 ಜನ ಹೊಸ ಜಿಲ್ಲೆಯ ಪರ, 80 ಜನ ವಿರುದ್ಧ, 30 ಜನ ನಿಜವಾಗಿ ತಟಸ್ಥರು, 50 ಜನ ಷರತ್ತಿನವರು, 80 ಜನ ಈ ಬಗ್ಗೆ ಯೋಚಿಸದವರು. ನಾಲ್ಕನೆಯ ಗುಂಪಾದ ಹೇಳಲೊಲ್ಲದವರನ್ನು ಸರಳತೆಗಾಗಿ ಸದ್ಯ ಬಿಡೋಣ.

ಮೊದಲ ನಮೂನೆಯಲ್ಲಿ ನಡುವಿನ ಆಯ್ಕೆಯೂ ಇಲ್ಲ, ‘ಗೊತ್ತಿಲ್ಲ’ ಎಂಬುದನ್ನು ಓದಿ ಹೇಳುವುದೂ ಇಲ್ಲ; ತಾವಾಗಿ ಹೇಳಿದರೆ ಮಾತ್ರ ಬರೆದುಕೊಳ್ಳುತ್ತಾರೆ. ತಟಸ್ಥರಾದ 30 ಜನ ಬೇರೆ ದಾರಿಯಿಲ್ಲದೆ ಅರ್ಧರ್ಧ ಹಂಚಿಹೋಗುತ್ತಾರೆ. ಷರತ್ತಿನವರಲ್ಲಿ 35 ಜನ ‘ಹೌದು’ ಎನ್ನುವಲ್ಲಿಗೂ 15 ಜನ ‘ಬೇಡ’ ಎನ್ನುವಲ್ಲಿಗೂ ಹೋಗುತ್ತಾರೆ. ಯೋಚಿಸದ 80 ಜನರಲ್ಲಿ ಅರ್ಧದಷ್ಟು ಮಂದಿ ಧೈರ್ಯ ಮಾಡಿ ಗೊತ್ತಿಲ್ಲವೆನ್ನುತ್ತಾರೆ, ಉಳಿದ 40 ಜನರಲ್ಲಿ 28 ಜನ ಒಪ್ಪಿಗೆಯ ಕಡೆ, 12 ಜನ ವಿರೋಧದ ಕಡೆ ಬೀಳುತ್ತಾರೆ. ಒಪ್ಪಿಗೆಯ ಪಾಲು ಇಲ್ಲಿ ದೊಡ್ಡದಾಗಲು ಕಾರಣವಿದೆ: ಓದಿ ಹೇಳಿದ ವಾಕ್ಯಕ್ಕೆ, ಅದರಲ್ಲೂ ಮನೆಗೆ ಬಂದ ಓದಿದವರ ಬಾಯಿಂದ ಬಂದ ವಾಕ್ಯಕ್ಕೆ, ‘ಹೌದ್ರಿ’ ಎಂದು ತಲೆಯಾಡಿಸುವುದು ಮರ್ಯಾದೆಯ ದಾರಿ, ಇದನ್ನು ಸಮೀಕ್ಷಾಶಾಸ್ತ್ರದಲ್ಲಿ ಸಮ್ಮತಿಯ ಒಲವು ಎನ್ನುತ್ತಾರೆ. ಕೊನೆಗೆ ಪರ 238, ವಿರೋಧ 122, ಗೊತ್ತಿಲ್ಲ 40. ಪತ್ರಿಕೆಯ ತಲೆಬರಹ ‘ಹೊಸ ಜಿಲ್ಲೆಗೆ ಶೇ 60ರಷ್ಟು ಬೆಂಬಲ’ ಎಂದಾಗುತ್ತದೆ.

ಎರಡನೆಯ ನಮೂನೆಯಲ್ಲಿ ನಡುವೆ ತಟಸ್ಥ ಆಯ್ಕೆಯನ್ನು ಓದಿ ಹೇಳಲಾಗುತ್ತದೆ. ನಿಜ ತಟಸ್ಥರು 30 ಜನ ಅಲ್ಲಿಗೆ ಬರುತ್ತಾರೆ, ಬರಬೇಕಾದದ್ದೇ. ಆದರೆ ಷರತ್ತಿನವರಲ್ಲಿ 30 ಜನರೂ, ಯೋಚಿಸದವರಲ್ಲಿ 44 ಜನರೂ ಅವರ ಹಿಂದೆಯೇ ಬಂದು ಸೇರುತ್ತಾರೆ. ಪರ 185, ವಿರೋಧ 91, ನಡುವೆ 104, ಗೊತ್ತಿಲ್ಲ ಎಂದವರು ಕೇವಲ 20. ಬೆಂಬಲ ಶೇ 46ಕ್ಕೆ ಇಳಿಯಿತು. ‘ಗೊತ್ತಿಲ್ಲ’ ಎಂಬ ಸಂಖ್ಯೆಯೂ ಅರ್ಧವಾಯಿತು, ಆದರೆ ಜನರ ತಿಳಿವಳಿಕೆಯೇನೂ ಹೆಚ್ಚಲಿಲ್ಲ. ನಡುವೆ ನಿಂತ 104 ಜನರಲ್ಲಿ ಮೂರನೆಯ ಒಂದು ಭಾಗದಷ್ಟೂ ನಿಜವಾದ ತಟಸ್ಥರಿಲ್ಲ.

ಮೂರನೆಯ ನಮೂನೆಯಲ್ಲಿ ಸೋಸು ಪ್ರಶ್ನೆಯನ್ನು ಮೊದಲು ಕೇಳಿ, ಅಭಿಪ್ರಾಯವಿದೆ ಎಂದವರಿಗೆ ಮಾತ್ರ ನಡುವಿನ ಆಯ್ಕೆಯೂ ಸೇರಿದ ಪ್ರಶ್ನೆಯನ್ನು ಓದಲಾಗುತ್ತದೆ. ಯೋಚಿಸದವರಲ್ಲಿ 75 ಜನ ಹೊರಗೆ ಉಳಿಯುತ್ತಾರೆ. ಅವರ ಜೊತೆಗೆ ಷರತ್ತಿನ 10 ಜನರೂ, ಸ್ಪಷ್ಟ ನಿಲುವಿದ್ದ 12 ಜನರೂ ಮುಂದಿನ ಪ್ರಶ್ನೆಗಳ ಸರಮಾಲೆ ತಪ್ಪಲಿ ಎಂದು ಹೊರಗುಳಿಯುತ್ತಾರೆ. ಲೆಕ್ಕ ಮುಗಿದಾಗ ಪರ 167, ವಿರೋಧ 83, ನಡುವೆ 53, ಅಭಿಪ್ರಾಯವಿಲ್ಲ 97. ಬೆಂಬಲ ಶೇ 42. ಊರು, ಜನ, ಬೇಡಿಕೆ ಯಾವುದೂ ಬದಲಾಗದೆ ಶೇ 60 ಇದ್ದದ್ದು ಶೇ 42 ಆಯಿತು. ‘ಬಹುಮತ’ ಎಂಬ ಪದ ಮೊದಲ ತಲೆಬರಹಕ್ಕೆ ಸಲ್ಲುತ್ತದೆ, ಮೂರನೆಯದಕ್ಕೆ ಸಲ್ಲುವುದಿಲ್ಲ. ಆದರೆ ಬದಿ ಹಿಡಿದವರನ್ನು ಮಾತ್ರ ಎಣಿಸಿದರೆ ಮೂರೂ ನಮೂನೆಗಳಲ್ಲಿ ಪರವಾದವರ ಪಾಲು ಶೇ 66ರಿಂದ 67ರ ಒಳಗೇ ಇದೆ.

ಈ ಕೊನೆಯ ಅಂಶವನ್ನು ನೋಡಿ, ಹಾಗಾದರೆ ಬದಿ ಹಿಡಿದವರ ಅನುಪಾತವನ್ನೇ ಪ್ರಕಟಿಸಿದರೆ ತಕರಾರು ಮುಗಿಯಿತಲ್ಲ ಎಂದು ಅವಸರಪಡುವಂತಿಲ್ಲ. ಅನುಪಾತ ಸ್ಥಿರವಾಗಿ ಉಳಿದದ್ದು ಹೊರಗೆ ಹೋದವರೂ ಒಳಗೆ ಉಳಿದವರೂ ಹೆಚ್ಚುಕಡಿಮೆ ಒಂದೇ ಒಲವಿನವರೆಂದು ಲೆಕ್ಕದಲ್ಲಿ ಕಲ್ಪಿಸಿಕೊಂಡದ್ದರಿಂದ. ರಷ್ಯಾದ ನಾಯಕರ ಪ್ರಶ್ನೆಯಲ್ಲೇ ಬದಿ ಹಿಡಿದವರೊಳಗೆ ಒಪ್ಪಿದವರ ಪಾಲು ಸೋಸದಿದ್ದಾಗ 59, ಸೋಸಿದಾಗ 63 ಆಗುತ್ತದೆ. ಭಾರತದ ಗ್ರಾಮೀಣ ಸಮೀಕ್ಷೆಗಳಲ್ಲಿ ‘ಹೇಳಲಾರೆ’ ಎಂಬ ಉತ್ತರ ಹೆಂಗಸರಲ್ಲಿ, ಶಾಲೆಯ ಮುಖ ಕಾಣದವರಲ್ಲಿ, ವಯಸ್ಸಾದವರಲ್ಲಿ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡುಬಂದ ಸಂಗತಿ. ‘ಮನ್ಯಾಗ ಗಂಡಸರ ಅದಾರ, ಅವರ್ನ ಕೇಳ್ರಿ’ ಎಂದ ಹೆಣ್ಣುಮಗಳಿಗೆ ತಹಶೀಲ್ದಾರ ಕಚೇರಿಯ ವಿಧವಾ ವೇತನದ ಸರದಿಯಲ್ಲಿ ನಿಂತ ಅನುಭವ ಮನೆಯ ಗಂಡಸಿಗಿಂತ ಹೆಚ್ಚಾಗಿಯೇ ಇರಬಹುದು, ಕಚೇರಿ ಎಲ್ಲಿರಬೇಕೆಂಬುದರ ಬಗ್ಗೆ ಖಚಿತ ಅಭಿಪ್ರಾಯವೂ ಇರಬಹುದು. ಸೋಸು ಪ್ರಶ್ನೆ ಅಂಥವರನ್ನು ಬಾಗಿಲಲ್ಲೇ ನಿಲ್ಲಿಸಿ, ಮಾತಿನ ರೂಢಿ ಇದ್ದ ಗಂಡಸರ ಅಭಿಪ್ರಾಯವನ್ನು ಊರಿನ ಅಭಿಪ್ರಾಯವೆಂದು ಒಪ್ಪಿಸುತ್ತದೆ. ಸೋಸು ಪ್ರಶ್ನೆಯ ಈ ದೋಷ ಅಂಕಿಗಳನ್ನು ನೋಡಿದರೆ ಹೊಳೆಯುವುದಿಲ್ಲ, ‘ಅಭಿಪ್ರಾಯವಿಲ್ಲ’ ಎಂದವರನ್ನು ಲಿಂಗ, ಶಿಕ್ಷಣ, ವಯಸ್ಸುಗಳ ಪ್ರಕಾರ ವಿಂಗಡಿಸಿದಾಗಲೇ ಹೊರಬೀಳುತ್ತದೆ.

ವಿದ್ವಾಂಸರ ನಡುವೆ ಇರುವ ವಾದವೂ ಇದೇ ಜಾಗದಲ್ಲಿದೆ. ಸಿನ್ಸಿನಾಟಿ ವಿಶ್ವವಿದ್ಯಾಲಯದ ಜಾರ್ಜ್ ಬಿಷಪ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಸ್ತಿತ್ವದಲ್ಲೇ ಇಲ್ಲದ, 1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ ಎಂದು ಹೆಸರಿಟ್ಟ ಒಂದು ಕಾನೂನನ್ನು ರದ್ದುಪಡಿಸಬೇಕೇ ಎಂದು ಜನರನ್ನು ಕೇಳಿದರು. ‘ಗೊತ್ತಿಲ್ಲ’ ಎನ್ನಲು ಅವಕಾಶವನ್ನು ಎತ್ತಿ ಹೇಳದಿದ್ದಾಗ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಆ ಇಲ್ಲದ ಕಾನೂನಿನ ಬಗ್ಗೆ ಅಭಿಪ್ರಾಯ ಕೊಟ್ಟರು. ಇದು ಸೋಸು ಪ್ರಶ್ನೆಯ ಪರವಾದ ವಾದ: ಸೋಸದಿದ್ದರೆ ಟೊಳ್ಳು ಉತ್ತರಗಳು ಸೇರುತ್ತವೆ. ಎದುರು ವಾದವನ್ನು ಬೆಳೆಸಿದವರಲ್ಲಿ ಜಾನ್ ಕ್ರಾಸ್ನಿಕ್ ಪ್ರಮುಖರು. ಉತ್ತರ ಹುಡುಕುವುದು ಶ್ರಮದ ಕೆಲಸ, ಆ ಶ್ರಮ ಬೇಡವಾದಾಗ ಜನರು ಸರಿಯಾದ ಉತ್ತರಕ್ಕಿಂತ ಸಾಕೆನಿಸುವ ಉತ್ತರವನ್ನು ಎತ್ತಿಕೊಳ್ಳುತ್ತಾರೆ ಎಂದು 1991ರಲ್ಲಿ ಅವರು ವಾದಿಸಿದರು. ಓದಿ ಹೇಳಿದ ‘ಅಭಿಪ್ರಾಯವಿಲ್ಲ’ ಎಂಬುದು ಅಂಥ ಸುಲಭದ ದಾರಿ. 2002ರಲ್ಲಿ ಸಹೋದ್ಯೋಗಿಗಳೊಡನೆ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ ಈ ಆಯ್ಕೆ ಕಡಿಮೆ ಓದಿದವರನ್ನೂ, ಪ್ರಶ್ನಾವಳಿಯ ಕೊನೆಕೊನೆಗೆ ದಣಿದವರನ್ನೂ ಹೆಚ್ಚು ಸೆಳೆಯಿತು, ಉಳಿದ ಉತ್ತರಗಳ ಗುಣಮಟ್ಟವೇನೂ ಅದರಿಂದ ಉತ್ತಮಗೊಳ್ಳಲಿಲ್ಲ. ಕಬ್ಬು ಕಡಿಯುವ ಗ್ಯಾಂಗು ಹೊಲದಲ್ಲಿ ಕಾಯುತ್ತಿರುವಾಗ ನಲವತ್ತು ಪ್ರಶ್ನೆಗಳಿಗೆ ಕೂತ ರೈತನಿಂದ ಮೂವತ್ತೈದನೆಯದಕ್ಕೆ ಬರುವ ‘ಗೊತ್ತಿಲ್ರಿ’ ಎಂಬುದು ಅಜ್ಞಾನವೆಂದು ಎಣಿಸಿದರೆ ತಪ್ಪು ರೈತನದಲ್ಲ.

ಎರಡೂ ವಾದಗಳಲ್ಲಿ ಹುರುಳಿದೆ, ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಸಲ್ಲುತ್ತವೆ. ಜನರು ಕೇಳಿಯೇ ಇರದ ಮಸೂದೆ, ದೂರದ ಒಪ್ಪಂದ, ಸಮಿತಿಯೊಂದರ ವರದಿಯ ಒಳವಿವರ ಇಂಥವುಗಳಲ್ಲಿ ಟೊಳ್ಳು ಉತ್ತರದ ಅಪಾಯ ದೊಡ್ಡದಾಗಿರುವುದರಿಂದ ಸೋಸಬೇಕು. 1967ರ ಮಹಾಜನ ವರದಿಯ ಶಿಫಾರಸುಗಳು ಸರಿಯೇ ಎಂದು ಕೇಳುವ ಮೊದಲು ಆ ವರದಿಯಲ್ಲಿ ಏನಿದೆ ಎಂಬುದು ಗೊತ್ತೇ ಎಂದು ಕೇಳದಿದ್ದರೆ, ಗಡಿಯ ಬಗೆಗಿನ ಭಾವನೆಯನ್ನು ವರದಿಯ ಬಗೆಗಿನ ಅಭಿಪ್ರಾಯವೆಂದು ಎಣಿಸಿದಂತಾಗುತ್ತದೆ. ಬಸ್ಸು, ನೀರು, ಕಬ್ಬಿನ ಬಿಲ್ಲು, ಕಚೇರಿಯ ದೂರದಂಥ ದಿನನಿತ್ಯದ ಅನುಭವಗಳ ಪ್ರಶ್ನೆಗೆ ಸೋಸು ಪ್ರಶ್ನೆ ಬೇಡ. ಅಲ್ಲಿ ಅಭಿಪ್ರಾಯ ಇದ್ದೇ ಇರುತ್ತದೆ, ಅದನ್ನು ಹೊರತರುವ ತಾಳ್ಮೆ ಸಮೀಕ್ಷಕನಲ್ಲಿರಬೇಕು ಅಷ್ಟೆ. ಅಂಥಲ್ಲಿ ‘ಗೊತ್ತಿಲ್ಲ’ ಎಂಬುದನ್ನು ಓದಿ ಹೇಳದೆ, ತಾವಾಗಿ ಹೇಳಿದರೆ ಬರೆದುಕೊಳ್ಳುವ ಖಾಲಿ ಜಾಗವನ್ನು ಕಾಗದದಲ್ಲಿ ಇಡುವುದು ಸಾಕು. ದೆಹಲಿಯ ಅಭಿವೃದ್ಧಿಶೀಲ ಸಮಾಜಗಳ ಅಧ್ಯಯನ ಕೇಂದ್ರದ ಲೋಕನೀತಿ ವಿಭಾಗ ರಾಷ್ಟ್ರೀಯ ಚುನಾವಣಾ ಅಧ್ಯಯನಗಳಲ್ಲಿ ಬಳಸುತ್ತ ಬಂದಿರುವ ಪರಿಚಿತ ಕ್ರಮವೂ ಇದಕ್ಕೆ ಸಮೀಪವಾದದ್ದು: ಪೂರ್ತಿ ಒಪ್ಪಿಗೆ, ಸ್ವಲ್ಪ ಒಪ್ಪಿಗೆ, ಸ್ವಲ್ಪ ವಿರೋಧ, ಪೂರ್ತಿ ವಿರೋಧ ಎಂಬ ನಾಲ್ಕನ್ನು ಇಟ್ಟು, ಅಭಿಪ್ರಾಯವಿಲ್ಲ ಎಂಬುದನ್ನು 8 ಎಂಬ ಪ್ರತ್ಯೇಕ ಸಂಕೇತದಲ್ಲಿ ದಾಖಲಿಸುವುದು. ಈ 8 ಎಂಬುದು ಸಂಕೇತವೇ ಹೊರತು ಅಂಕವಲ್ಲ ಎಂಬುದನ್ನು ಗಣಕಯಂತ್ರಕ್ಕೆ ತಿಳಿಸದೆ ಸರಾಸರಿ ತೆಗೆಯುವ ತಪ್ಪು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನಡೆಯುವುದುಂಟು. ನಾಲ್ಕು ಹಂತಗಳ ಸರಾಸರಿ 2 ಇದ್ದಲ್ಲಿ ನೂರಕ್ಕೆ ಹತ್ತು ಜನರ 8 ಸೇರಿದರೆ ಅದು 2.6 ಆಗಿ, ಒಪ್ಪಿದ್ದ ಊರು ಒಪ್ಪದ ಊರಿನಂತೆ ಕಾಣತೊಡಗುತ್ತದೆ.

ನಡುವಿನ ಆಯ್ಕೆಯನ್ನು ಇಡಬೇಕೇ ಎಂಬುದಕ್ಕೆ ಪರೀಕ್ಷೆ ಬೇರೆಯೇ. ಆ ವಿಷಯದಲ್ಲಿ ನಡುವೆ ನಿಲ್ಲಬಹುದಾದ ನಿಜವಾದ ಜಾಗವೊಂದು ಇದೆಯೇ ಎಂದು ಮೊದಲು ನೋಡಬೇಕು. ಅಥಣಿಗೆ ಹೋಗುವ ಬಸ್ಸುಗಳು ಹೆಚ್ಚಬೇಕೇ, ಕಡಿಮೆಯಾಗಬೇಕೇ ಎಂದು ಕೇಳುವಾಗ ‘ಈಗಿರುವಷ್ಟೇ ಸಾಕು’ ಎಂಬುದು ಸ್ಪಷ್ಟ ನಿಲುವು. ಅದನ್ನು ಓದಿ ಹೇಳದಿದ್ದರೆ ಸಮಾಧಾನದಿಂದಿರುವ ಜನರನ್ನು ಬಲವಂತವಾಗಿ ದೂರುದಾರರನ್ನಾಗಿ ಮಾಡಿದಂತೆ. ವಿಚ್ಛೇದನದ ಪ್ರಶ್ನೆಯ ನಡುವೆ ಇದ್ದದ್ದೂ ಇಂಥ ನಿಜವಾದ ಜಾಗ. ‘ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾಗಬೇಕು’ ಎಂಬ ವಾಕ್ಯಕ್ಕೆ ಅಂಥ ನಡು ಇಲ್ಲ, ಏಕೆಂದರೆ ಈಗಿರುವಂತೆ ಇರಲಿ ಎಂಬುದೇ ಇಲ್ಲಿ ವಿರೋಧದ ಬದಿ, ಅರ್ಧ ಜಿಲ್ಲೆ ಎಂಬುದು ಎಲ್ಲೂ ಇಲ್ಲ. ಇಲ್ಲಿ ಇಟ್ಟ ನಡುವಿನ ಆಯ್ಕೆ ನಿಲುವಿನ ಹೆಸರಾಗದೆ ನಿಲುವು ಹೇಳದವರ ತಂಗುದಾಣವಾಗುತ್ತದೆ. ಚುನಾವಣೆಯ ‘ನೋಟಾ’ವನ್ನು ಕೆಲವರು ಇದರ ಜೊತೆ ಹೋಲಿಸುವುದುಂಟು, ಅದು ಸರಿಯಲ್ಲ. 2013ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಮತಯಂತ್ರಕ್ಕೆ ಬಂದ ಆ ಗುಂಡಿ ಎಲ್ಲ ಅಭ್ಯರ್ಥಿಗಳನ್ನೂ ತಿರಸ್ಕರಿಸುವ ಖಚಿತ ಅಭಿಪ್ರಾಯ, ತಟಸ್ಥತೆಯೂ ಅಲ್ಲ, ಅರಿವಿನ ಅಭಾವವೂ ಅಲ್ಲ.

ತಂಗುದಾಣದಲ್ಲಿ ಕುಳಿತವರು ಯಾರೆಂದು ಅರಿಯಲು ಅವರನ್ನೇ ಕೇಳುವುದು ಅತ್ಯಂತ ನೇರವಾದ ದಾರಿ. ಬ್ರಿಟನ್ನಿನಲ್ಲಿ ಪ್ಯಾಟ್ರಿಕ್ ಸ್ಟರ್ಜಿಸ್, ಕ್ಯಾರೋಲೈನ್ ರಾಬರ್ಟ್ಸ್ ಮತ್ತು ಪ್ಯಾಟನ್ ಸ್ಮಿತ್ ಮಾಡಿದ್ದು ಇದನ್ನೇ: ‘ಎರಡೂ ಅಲ್ಲ’ ಎಂಬ ನಡುವಿನ ಉತ್ತರ ಕೊಟ್ಟವರನ್ನು, ಎರಡೂ ಬದಿಗಳನ್ನು ತೂಗಿ ನಡುವೆ ನಿಂತಿದ್ದೀರಾ ಅಥವಾ ಈ ಬಗ್ಗೆ ಅಭಿಪ್ರಾಯವೇ ಇಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ಬಹುಪಾಲು ಜನ ಎರಡನೆಯದನ್ನು ಒಪ್ಪಿಕೊಂಡರೆಂದು 2014ರಲ್ಲಿ ಅವರು ಪ್ರಕಟಿಸಿದರು. ಗೊತ್ತಿಲ್ಲವೆಂದು ಬಾಯಿಬಿಟ್ಟು ಹೇಳುವ ಸಂಕೋಚಕ್ಕೆ ತಟಸ್ಥ ಎಂಬ ಗೌರವದ ಹೆಸರು ಆಸರೆಯಾಗಿತ್ತು. ಉಗಾರದಲ್ಲಿ ಈ ಮರುಪ್ರಶ್ನೆಗೆ ಮೂರು ಕವಲುಗಳಿರಬೇಕು: ಎರಡೂ ಸಮವೆನಿಸುವುದು, ವಿಚಾರ ಮಾಡಿಲ್ಲದಿರುವುದು, ಮತ್ತು ‘ಒಂದು ಮಾತಿಗೆ ಒಪ್ಪಿಗೆ, ಆದರೆ’ ಎಂಬ ಷರತ್ತು. ಮೂರನೆಯ ಕವಲನ್ನು ಬಿಟ್ಟರೆ ಅಥಣಿಯ ಪರವಾದವರು ಮತ್ತೆ ಎಲ್ಲೋ ಕಳೆದುಹೋಗುತ್ತಾರೆ. ಅದಕ್ಕಿಂತ ಉತ್ತಮವಾದದ್ದು ಪ್ರಶ್ನೆಯನ್ನೇ ಒಡೆಯುವುದು: ಬೆಳಗಾವಿ ಜಿಲ್ಲೆ ಒಡೆಯಬೇಕೇ ಎಂದು ಮೊದಲು, ಒಡೆದರೆ ಕೇಂದ್ರ ಯಾವುದಾಗಬೇಕು ಎಂದು ನಂತರ, ಯಾವಾಗ ಎಂದು ಕೊನೆಗೆ. ಷರತ್ತು ಪ್ರಶ್ನೆಯೊಳಗೆ ಬಂದುಬಿಟ್ಟರೆ ನಡುವಿನ ಆಯ್ಕೆಯ ಮೇಲಿನ ಒತ್ತಡ ತಾನಾಗಿ ಇಳಿಯುತ್ತದೆ.

ಹೇಳಲೊಲ್ಲದವರನ್ನು ಆಯ್ಕೆಗಳ ಹೆಸರು ಬದಲಿಸಿ ಹಿಡಿಯಲಾಗದು. ಅವರ ಇರವನ್ನು ಪರೋಕ್ಷವಾಗಿ ಪತ್ತೆಹಚ್ಚಬಹುದು: ಸಮೀಕ್ಷಕರ ಪ್ರಕಾರ ಉತ್ತರಗಳನ್ನು ವಿಂಗಡಿಸಿದಾಗ, ಕನ್ನಡ ಮಾತನಾಡುವ ಸಮೀಕ್ಷಕ ಹೋದ ಮರಾಠಿ ಮನೆಗಳಲ್ಲಿ ನಡುವಿನ ಉತ್ತರ ಹೆಚ್ಚಾಗಿ, ಮರಾಠಿ ಮಾತನಾಡುವವರು ಹೋದಲ್ಲಿ ಕಡಿಮೆಯಾಗಿದ್ದರೆ, ಅಥವಾ ಇದೇ ವಿಪರ್ಯಾಸ ಕನ್ನಡ ಮನೆಗಳಲ್ಲಿ ಕಂಡರೆ, ಅಲ್ಲಿ ದಾಖಲಾದದ್ದು ತಟಸ್ಥತೆಯಲ್ಲ, ಅಂಜಿಕೆ. ಒಬ್ಬನೇ ಸಮೀಕ್ಷಕನ ಕಾಗದಗಳಲ್ಲಿ ಮಾತ್ರ ನಡುವಿನ ಗುರುತುಗಳು ಕಿಕ್ಕಿರಿದಿದ್ದರೆ ಕಾರಣ ಊರಿನಲ್ಲಿಲ್ಲ, ಬೇಗ ಮನೆಗೆ ಹೋಗಬೇಕೆಂಬ ಆತನ ಅವಸರದಲ್ಲಿದೆ. ಹತ್ತು ಪ್ರಶ್ನೆಗಳಿಗೂ ಒಂದೇ ಹಂತದಲ್ಲಿ ಗುರುತು ಬಿದ್ದ ಸಾಲುಗಳೂ ಇದೇ ಬಗೆಯ ಸಂಶಯಕ್ಕೆ ಯೋಗ್ಯ.

ಸಣ್ಣ ಊರಿನಲ್ಲಿ ಎರಡು ನಮೂನೆಗಳ ಪ್ರಯೋಗವನ್ನು ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಭಾಗಶಃ ಹೌದು. 400 ಜನರನ್ನು ಇನ್ನೂರು ಇನ್ನೂರಾಗಿ ಹಂಚಿದರೆ ಎರಡು ಅರ್ಧಗಳ ನಡುವೆ ಕೇವಲ ಆಕಸ್ಮಿಕದಿಂದಲೇ ನೂರಕ್ಕೆ ಹತ್ತರವರೆಗಿನ ವ್ಯತ್ಯಾಸ ಕಾಣಬಹುದು. ಆದ್ದರಿಂದ ನಡುವಿನ ಆಯ್ಕೆ 15 ಅಥವಾ 20 ಅಂಶಗಳಷ್ಟು ಜನರನ್ನು ಸೆಳೆದರೆ ಅದು ಗೋಚರವಾಗುತ್ತದೆ, ಆದರೆ ಪರ ವಿರೋಧಗಳ ಅನುಪಾತದಲ್ಲಿ ಮೂರು ನಾಲ್ಕು ಅಂಶಗಳ ಪಲ್ಲಟವಾದರೆ ಅದನ್ನು ಇಷ್ಟು ಜನರಿಂದ ಹಿಡಿಯಲಾಗದು, ಅದಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕುಗಳ ಕೆಲವು ಸಾವಿರ ಜನ ಬೇಕಾಗುತ್ತಾರೆ. ಹಂಚಿಕೆ ಓಣಿಯ ಪ್ರಕಾರ ನಡೆಯಬಾರದು, ಏಕೆಂದರೆ ಓಣಿಗಳು ಜಾತಿ ಮತ್ತು ಭಾಷೆಯ ಪ್ರಕಾರ ಬೇರೆಯಾಗಿರುತ್ತವೆ. ಮನೆಮನೆಗೂ ನಮೂನೆ ಬದಲಾಗಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ಸಮೀಕ್ಷೆ ಒಂದು ನಮೂನೆಯನ್ನು ಆರಿಸಿಕೊಳ್ಳಲೇಬೇಕು ಮತ್ತು ಆರಿಸಿದ್ದನ್ನು ನಂತರದ ವರ್ಷಗಳಲ್ಲಿ ಬದಲಿಸಬಾರದು. ಈ ವರ್ಷ ನಡುವಿನ ಆಯ್ಕೆ ಇಲ್ಲದೆ ಶೇ 60, ಮೂರು ವರ್ಷದ ನಂತರ ಅದನ್ನು ಸೇರಿಸಿ ಶೇ 46 ಬಂದರೆ ಬೆಂಬಲ ಕುಸಿಯಿತೆಂದು ಬರೆಯುವವರು ಇದ್ದೇ ಇರುತ್ತಾರೆ. ಪ್ರಕಟಿಸುವಾಗ ಓದಿ ಹೇಳಿದ ಆಯ್ಕೆಗಳ ಪೂರ್ತಿ ಪಾಠ, ಓದದೆ ಬರೆದುಕೊಂಡ ಉತ್ತರಗಳ ಸಂಖ್ಯೆ ಮತ್ತು ಶೇಕಡಾವಾರಿನ ಛೇದದಲ್ಲಿ ಇರುವ ಜನರು ಎಲ್ಲ 400 ಮಂದಿಯೋ ಬದಿ ಹಿಡಿದವರಷ್ಟೆಯೋ ಎಂಬುದು ಅಂಕಿಯ ಪಕ್ಕದಲ್ಲೇ ಇರಬೇಕು. ‘ಗೊತ್ತಿಲ್ಲ’ ಎಂದ 40 ಜನರನ್ನು ಸದ್ದಿಲ್ಲದೆ ಕೈಬಿಟ್ಟರೆ ಮೊದಲ ನಮೂನೆಯ ಶೇ 60 ಶೇ 66 ಆಗಿ ಅಚ್ಚಾಗುತ್ತದೆ.